ಊರು ಬೆಳೆದಂತೆ ಮಂದವಾಗುವ ಗಡಿಯಾರ

ಕೊಲಾಸಲ್ ಆರ್ಡರ್ ಕಂಪನಿ ರೂಪಿಸಿದ, 2015ರಲ್ಲಿ ಹೊರಬಂದ ‘ಸಿಟೀಸ್: ಸ್ಕೈಲೈನ್ಸ್’ ಆಟದಲ್ಲಿ ನಾನು ದಾವಣಗೆರೆಯನ್ನೇ ಕಟ್ಟಿದ್ದೇನೆ. ಪಿ.ಜೆ. ಬಡಾವಣೆ ಏಳುವವರೆಗೆ ಆಟ ಚುರುಕಾಗಿಯೇ ಇತ್ತು. ಪಿ.ಬಿ. ರಸ್ತೆ, ರೈಲು ಹಳಿ, ವಿದ್ಯಾನಗರ ಎಲ್ಲ ಸೇರಿ, ಅಂತರವನ್ನು ಕುಗ್ಗಿಸಿ ಹರಿಹರದ ಕಾರ್ಖಾನೆಗಳನ್ನೂ ಪಕ್ಕಕ್ಕೆ ತಂದ ಮೇಲೆ ಊರಿನ ಕಾಲವೇ ಜಡವಾಯಿತು. ಮೌಸ್ ಸಲೀಸಾಗಿ ಆಡುತ್ತದೆ, ಚಿತ್ರವೂ ತಡವರಿಸುವುದಿಲ್ಲ. ಆದರೆ ಮೂರನೆಯ ವೇಗದ ಗುಂಡಿ ಒತ್ತಿದರೂ ದಿನಗಳು ಮೊದಲನೆಯ ವೇಗದಲ್ಲೇ ಉರುಳುತ್ತವೆ.

ರೋಗದ ಮೊದಲ ಗುರುತು ಇದೇ. ಚಿತ್ರ ಬಿಡಿಸುವುದು ಒಂದು ಕೆಲಸ, ಊರಿನ ಲೆಕ್ಕ ನಡೆಸುವುದು ಇನ್ನೊಂದು. ತೆರೆಯ ರೆಸಲ್ಯೂಶನ್ ಕುಗ್ಗಿಸಿ, ನೆರಳು ತೆಗೆದು ನೋಡಿದರೂ ದಿನದ ಓಟ ಬದಲಾಗದಿದ್ದರೆ ಗ್ರಾಫಿಕ್ಸ್ ಕಾರ್ಡ್ ನಿರಪರಾಧಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್‌ನ ಬಹುಪಾಲು ಖಾಲಿ ಇರುವಂತೆ ಕಾಣುತ್ತದೆ. ಹದಿನಾರು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಏದುಸಿರು ಬಿಡುತ್ತಿದ್ದರೂ ಅದು ಒಟ್ಟು ಲೆಕ್ಕದಲ್ಲಿ ಶೇ. 6ರಷ್ಟು ಮಾತ್ರ. ಹೀಗಾಗಿ ಒಟ್ಟು ಅಂಕಿಯನ್ನು ನೋಡಿ ಪ್ರೊಸೆಸರ್‌ಗೆ ಬಿಡುವಿದೆ ಎಂದುಕೊಳ್ಳುವುದು ತಪ್ಪು.

ಆ ಒಂದು ಥ್ರೆಡ್ ಮಾಡುವುದೇನು? ಈ ಆಟದ ದೊಡ್ಡ ಗುಣವೆಂದರೆ ರಸ್ತೆಯಲ್ಲಿ ಓಡುವ ಪ್ರತಿ ಕಾರಿಗೂ ನಿಜವಾಗಿ ಹೊರಟ ಒಂದು ಜಾಗ, ತಲುಪಬೇಕಾದ ಇನ್ನೊಂದು ಜಾಗ ಇರುವುದು. ದಾರಿ ಹುಡುಕುವ ಕೆಲಸವನ್ನು ಆಟ ಬೇರೆ ಥ್ರೆಡ್‌ಗಳಿಗೆ ಹಂಚುತ್ತದೆ. ಆದರೆ ಜನ, ವಾಹನ, ಕಟ್ಟಡಗಳ ಸ್ಥಿತಿಯನ್ನು ಬದಲಿಸುವ ಮುಖ್ಯ ಲೆಕ್ಕ ಒಂದೇ ಸಾಲಿನಲ್ಲಿ ನಡೆಯುತ್ತದೆ. ಹರಿಹರದ ಕಾರ್ಖಾನೆಯಲ್ಲಿ ಒಂದೇ ಕೆಲಸ ಖಾಲಿ ಇದ್ದು, ಇಬ್ಬರು ಯುವಕರು ಅದನ್ನು ಹುಡುಕುತ್ತಿದ್ದಾರೆ ಎಂದುಕೊಳ್ಳಿ. ಇಬ್ಬರ ಲೆಕ್ಕವನ್ನೂ ಎರಡು ಕೋರ್‌ಗಳು ಏಕಕಾಲಕ್ಕೆ ಮಾಡಿದರೆ ಇಬ್ಬರಿಗೂ ಆ ಕೆಲಸ ಸಿಕ್ಕಿಬಿಡಬಹುದು. ಹಾಗಾಗದಿರಲು ಒಬ್ಬನ ತೀರ್ಮಾನ ಮುಗಿಯುವ ತನಕ ಇನ್ನೊಬ್ಬ ಕಾಯಲೇಬೇಕು. ಕೋರ್‌ಗಳು ಎಷ್ಟಿದ್ದರೂ ಈ ಕಾಯುವಿಕೆ ತಪ್ಪುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಆಟ ಸೆಕೆಂಡಿಗೆ 60 ಹೆಜ್ಜೆ ಇಡಬೇಕಾದರೆ ಒಂದು ಹೆಜ್ಜೆ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಊರು ಬೆಳೆದು ಅದಕ್ಕೆ 25 ಮಿಲಿಸೆಕೆಂಡ್ ಹಿಡಿಯುತ್ತಿದೆ, ಅದರಲ್ಲಿ 20 ಸಾಲಾಗಿಯೇ ನಡೆಯಬೇಕಾದ ಕೆಲಸ, 5 ಮಾತ್ರ ಹಂಚಬಹುದಾದದ್ದು ಎಂದಿಟ್ಟುಕೊಳ್ಳಿ. ಈಗ ಸಿಗುವುದು 40 ಹೆಜ್ಜೆ. ಎಷ್ಟೇ ಕೋರ್ ಸೇರಿಸಿದರೂ 20 ಉಳಿದೇ ಉಳಿಯುತ್ತದೆ, ಅಂದರೆ 50 ಹೆಜ್ಜೆಗಿಂತ ಮೇಲೆ ಹೋಗಲಾಗದು. ಅದೇ ಒಂದೊಂದು ಕೋರ್ ಒಂದೂವರೆ ಪಟ್ಟು ವೇಗವಾಗಿದ್ದರೆ 25 ಇದ್ದದ್ದು 16.7ಕ್ಕೆ ಇಳಿದು 60 ಹೆಜ್ಜೆ ಪೂರ್ತಿ ಸಿಗುತ್ತದೆ. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ತಿರುಳು ಇದು.

ಇನ್ನು ಸಂಖ್ಯೆಯ ಮಾತು. ಈ ಆಟದಲ್ಲಿ ನಿವಾಸಿಗಳ ದಾಖಲೆ ಹತ್ತು ಲಕ್ಷ ದಾಟಬಹುದಾದರೂ ಏಕಕಾಲಕ್ಕೆ ಬೀದಿಯಲ್ಲಿ ಇರಬಹುದಾದ ಜನ 65,536, ಓಡುವ ವಾಹನ 16,384. 2011ರ ಜನಗಣತಿಯ ದಾವಣಗೆರೆಯಲ್ಲಿ ನಾಲ್ಕು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಅವರೆಲ್ಲರಿಗೂ ಆಟದಲ್ಲಿ ಮನೆ ಸಿಗುತ್ತದೆ, ಎಲ್ಲರಿಗೂ ಒಟ್ಟಿಗೆ ರಸ್ತೆ ಸಿಗುವುದಿಲ್ಲ. ವಾಹನಗಳ ಮಿತಿ ಮುಟ್ಟಿದಾಗ ಕಸದ ಲಾರಿಯೂ ಹೊರಡದೆ ಮನೆಗಳ ಮುಂದೆ ಕಸ ಬೀಳುತ್ತದೆ. ಆಟಗಾರ ಕಸದ ಘಟಕಗಳನ್ನು ಇನ್ನಷ್ಟು ಕಟ್ಟುತ್ತಾನೆ, ಪ್ರಯೋಜನವಾಗುವುದಿಲ್ಲ.

ಹೊರೆ ಹೆಚ್ಚಿಸುವುದು ಜನಸಂಖ್ಯೆ ಒಂದೇ ಅಲ್ಲ, ರಸ್ತೆಯಲ್ಲಿ ಕಳೆಯುವ ಹೊತ್ತು ಕೂಡ. ನಿಮಿಷಕ್ಕೆ ಸಾವಿರ ಕಾರು ಹೊರಟು, ಪ್ರತಿಯೊಂದೂ ಮೂರು ನಿಮಿಷ ಓಡಿದರೆ ರಸ್ತೆಯಲ್ಲಿರುವುದು ಮೂರು ಸಾವಿರ. ರೈಲ್ವೆ ಗೇಟಿನ ಬಳಿ ಸಿಕ್ಕಿಕೊಂಡು ಒಂಬತ್ತು ನಿಮಿಷವಾದರೆ ಒಂಬತ್ತು ಸಾವಿರ. ಜನ ಅಷ್ಟೇ, ಲೆಕ್ಕ ಮೂರು ಪಟ್ಟು. ಮೇಲಾಗಿ ಪ್ರತಿ ಕಾರೂ ತನ್ನ ಸುತ್ತಲಿನ ಕಾರುಗಳನ್ನು ಗಮನಿಸಬೇಕಾದ್ದರಿಂದ ದಟ್ಟಣೆ ಹೆಚ್ಚಿದಷ್ಟೂ ಒಂದೊಂದರ ಲೆಕ್ಕವೂ ಉದ್ದವಾಗುತ್ತದೆ. ಹಳಿಯ ಮೇಲೊಂದು ಸೇತುವೆ ಹಾಕಿದಾಗ ಊರಿನ ಜೊತೆ ಪ್ರೊಸೆಸರ್ ಕೂಡ ಉಸಿರಾಡುವುದು ಇದಕ್ಕೇ.

ಮಿತಿ ಹಾಕಿದ್ದಕ್ಕೆ ಈ ಆಟವನ್ನು ಬಯ್ಯುವವರ ಮಾತು ನನಗೆ ಒಪ್ಪಿಗೆಯಿಲ್ಲ. 2015ರ ಯಂತ್ರಗಳಲ್ಲಿ ಒಬ್ಬೊಬ್ಬನನ್ನೂ ನಡೆಸುವ ಹಟ ಉಳಿಯಬೇಕಿದ್ದರೆ ಎಲ್ಲೋ ಒಂದು ಗೆರೆ ಎಳೆಯಲೇಬೇಕಿತ್ತು. 2023ರ ಎರಡನೇ ಆವೃತ್ತಿ ಆ ಗೆರೆಗಳನ್ನು ಅಳಿಸಿತು, ಕೆಲಸವನ್ನು ಹಲವು ಕೋರ್‌ಗಳಿಗೆ ಹರಡಿತು. ಆದರೂ ಊರು ಲಕ್ಷಗಳಿಗೆ ಬೆಳೆದಾಗ ಅಲ್ಲಿಯೂ ಕಾಲ ನಿಧಾನವಾಗುತ್ತದೆ. ನನ್ನ ಆಕ್ಷೇಪ ಬೇರೆ: ಲೆಕ್ಕ ಹಿಂದೆ ಬಿದ್ದಿದೆ ಎಂದು ಮೊದಲ ಆಟ ಎಲ್ಲಿಯೂ ಹೇಳುವುದಿಲ್ಲ. ‘ಫ್ಯಾಕ್ಟೋರಿಯೊ’ ಆಟದಲ್ಲಿ ಬಯಸಿದವರು ಚಿತ್ರದ ವೇಗ ಮತ್ತು ಲೆಕ್ಕದ ವೇಗ ಎರಡನ್ನೂ FPS/UPS ಎಂದು ಪಕ್ಕಪಕ್ಕದಲ್ಲಿ ನೋಡಬಹುದು. ಅಂಥ ಒಂದು ಸಾಲು ಇಲ್ಲಿಯೂ ಇದ್ದಿದ್ದರೆ, ಊರು ನಿಧಾನವಾಯಿತೆಂದು ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವ ಹುಡುಗರು ಆ ದುಡ್ಡನ್ನು ಒಂಟಿ ಕೋರ್ ವೇಗವಾಗಿರುವ, ಕ್ಯಾಶ್ ಮೆಮೊರಿ ದೊಡ್ಡದಿರುವ ಪ್ರೊಸೆಸರ್‌ಗೆ ಹಾಕುತ್ತಿದ್ದರು.