ಎಕ್ಸಲೆನ್ಸ್ ಎಂಬ ಬೋರ್ಡು

ಮಕ್ಕಳ ಕ್ರೀಡಾ ಅಕಾಡೆಮಿಗೆ ಹೆಸರಿಡುವ ಮಾತು ಬಂದಾಗಲೆಲ್ಲ ಬೆಂಗಳೂರಿನ ಬ್ರ್ಯಾಂಡ್ ಪಂಡಿತರು ಒಂದೇ ಹೆಸರಿನತ್ತ ಬೊಟ್ಟು ಮಾಡುತ್ತಾರೆ: 2017ರಲ್ಲಿ ನಗರದ ಉತ್ತರದ ಅಂಚಿನಲ್ಲಿ ಶುರುವಾದ ಪಡುಕೋಣೆ-ದ್ರಾವಿಡ್ ಸೆಂಟರ್ ಫಾರ್ ಸ್ಪೋರ್ಟ್ಸ್ ಎಕ್ಸಲೆನ್ಸ್. ಹೆಸರು ಚೆನ್ನಾಗಿದೆ, ತಕರಾರಿಲ್ಲ. ಆದರೆ ಅದನ್ನು ಮಾದರಿ ಎನ್ನುವವರು ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ನೋಡಿಲ್ಲ.

ನಿಧಾನವಾಗಿ ಓದಿ. ಮಹತ್ವಾಕಾಂಕ್ಷೆಯ ಭಾರವೆಲ್ಲ ‘ಎಕ್ಸಲೆನ್ಸ್’ ಮೇಲಿದೆ. ತಾಯ್ತಂದೆಯರಿಗೆ ಸಿಗುವ ಧೈರ್ಯವೆಲ್ಲ ಮೊದಲ ಎರಡು ಹೆಸರುಗಳಲ್ಲಿದೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆಯಾಗಲಿ, ರಾಹುಲ್ ದ್ರಾವಿಡ್ ಆಗಲಿ, ಕನ್ನಡದ ಮನೆಗಳಲ್ಲಿ ಗೆಲುವಿನಷ್ಟೇ ನಡತೆಗೂ ಹೆಸರಾದವರು. ದನಿ ಎತ್ತದೆ ಗೆದ್ದವರು. ಮಗನನ್ನು ಯಾರೋ ಗದರಿಸಿ ಹಿಂಡಿಬಿಡುತ್ತಾರೆಂಬ ತಾಯಿಯ ಅಂಜಿಕೆ ಆ ಎರಡು ಹೆಸರು ಕೇಳುತ್ತಲೇ ಅರ್ಧ ಇಳಿಯುತ್ತದೆ. ಹಾಗಾಗಿ ಕೊನೆಯ ಪದ ಎಷ್ಟು ಜೋರಾಗಿ ಕೂಗಿದರೂ ನಡೆಯುತ್ತದೆ. ಈಗ ಆ ಹೆಸರುಗಳನ್ನು ತೆಗೆದು ಉಳಿದುದನ್ನು ಬಡಾವಣೆಯ ನಾಲ್ಕು ಕೋರ್ಟಿನ ಶಟಲ್ ಶೆಡ್ಡಿಗೆ ತಗುಲಿಸಿ. ಉಳಿಯುವುದು ಬರೀ ಕೂಗು. ನಕಲು ಮಾಡುವವರ ಕೈಗೆ ಸಿಗುವುದು ಇದೊಂದೇ, ಏಕೆಂದರೆ ಧೈರ್ಯ ಕೊಡುವ ಭಾಗ ಸಾಲಕ್ಕೆ ಸಿಗುವಂಥದ್ದಲ್ಲ.

‘ಎಕ್ಸಲೆನ್ಸ್’ ಪದದ ಹುಟ್ಟೂ ಬೇರೆ ಕಡೆಯದು. ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ದೊಡ್ಡ ತರಬೇತಿ ಕೇಂದ್ರಗಳನ್ನು ನ್ಯಾಷನಲ್ ಸೆಂಟರ್ ಆಫ್ ಎಕ್ಸಲೆನ್ಸ್ ಎನ್ನುತ್ತದೆ. ಬಿಸಿಸಿಐ ಕೂಡ ಬೆಂಗಳೂರಿನ ಹೊರವಲಯದ ತನ್ನ ಹೊಸ ಜಾಗಕ್ಕೆ ‘ಅಕಾಡೆಮಿ’ ಬಿಟ್ಟು ಅದೇ ಪದ ಹಿಡಿಯಿತು. ಅಲ್ಲಿಗೆ ಹೋಗುವವರು ಆಗಲೇ ಆಯ್ಕೆಯಾದವರು. ಬಡಾವಣೆಯ ಅಕಾಡೆಮಿಗೆ ಪ್ರವೇಶ ಕೊಡಿಸುವುದು ಫೀಸು. ಎಂಟು ವರ್ಷದ ಹುಡುಗಿ ಇನ್ನೂ ಸರ್ವಿಸ್ ಕಲಿಯುತ್ತಿರುವಾಗ ಬೋರ್ಡು ಎಕ್ಸಲೆನ್ಸ್ ಎಂದರೆ, ಜಾಣ ಅಪ್ಪನಿಗೆ ಕೇಳಿಸುವುದು ‘ನಿನ್ನ ಮಗಳು ಹಿಂದೆ ಬಿದ್ದರೆ ನಮ್ಮನ್ನು ಕೇಳಬೇಡ’ ಎಂದೇ.

ಇದಕ್ಕೆ ಮದ್ದೆಂದು ಕೆಲವರು ‘ಲಿಟಲ್ ಚಾಂಪಿಯನ್ಸ್’ ಜಾತಿಯ ಹೆಸರು ಸೂಚಿಸುತ್ತಾರೆ: ಮುದ್ದಿಗೊಂದು ಪದ, ಗೆಲುವಿಗೊಂದು ಪದ. ಕಾಗದದ ಮೇಲೆ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಆದರೆ ಅಕಾಡೆಮಿಯ ಹೆಸರು ಬದುಕುವುದು ಟೀ ಶರ್ಟಿನ ಬೆನ್ನಿನ ಮೇಲೆ. ಮೈಸೂರಿನ ಕುವೆಂಪುನಗರದಲ್ಲಿ ಹೊಸ ಶಟಲ್ ಅಕಾಡೆಮಿ ಶುರುವಾಯಿತೆಂದು ಇಟ್ಟುಕೊಳ್ಳಿ. ಬೇಸಿಗೆ ಶಿಬಿರಕ್ಕೆ ಬಂದ ಏಳರ ಮಗುವಿಗೆ ‘ಲಿಟಲ್’ ಚೆಂದ. ಅದೇ ಮಗು ಹದಿಮೂರರೊಳಗಿನವರ ವಿಭಾಗ ದಾಟಿ ಹದಿನೈದರೊಳಗಿನವರ ಡ್ರಾಗೆ ಬಂದಾಗ ಎದುರಾಳಿಗಳ ಮುಂದೆ ಆ ಅಂಗಿ ತೊಡಲು ನಾಚುತ್ತದೆ. ಇನ್ನು ಮೊದಲ ಸುತ್ತಿನಲ್ಲೇ ಸೋತು ಬಂದ ದಿನ ಬೆನ್ನ ಮೇಲಿನ ‘ಚಾಂಪಿಯನ್ಸ್’ ಗೇಲಿಯ ಮಾತಾಗುತ್ತದೆ. ಎರಡು ಪದಗಳೂ ಬೇಕಾದ ಹೊತ್ತಿಗೇ ಕೈಕೊಡುತ್ತವೆ.

ನನ್ನ ಜಗಳ ನಿಜವಾಗಿ ಇರುವುದು ನಮ್ಮ ಸಾಹಿತ್ಯದ ಗೆಳೆಯರೊಡನೆ. ಇಂಗ್ಲಿಷ್ ಬೇಡ, ‘ಏಕಲವ್ಯ’ ಎನ್ನಿ, ‘ದ್ರೋಣ’ ಎನ್ನಿ ಎಂದು ಅವರ ಒತ್ತಾಯ. ಸರ್ಕಾರದ ಪ್ರಶಸ್ತಿಗಳಿಗೆ ಈ ಹೆಸರುಗಳು ಒಗ್ಗಬಹುದು: ದ್ರೋಣಾಚಾರ್ಯ ಪ್ರಶಸ್ತಿ ಕೋಚ್‌ಗೆ, ಏಕಲವ್ಯ ಪ್ರಶಸ್ತಿ ಆಟಗಾರರಿಗೆ. ಎರಡೂ ಬರುವುದು ಸಾಧನೆ ಮುಗಿದ ಮೇಲೆ. ಮಗುವನ್ನು ಸೇರಿಸಲು ಬಂದವರ ಎದುರು ‘ಏಕಲವ್ಯ’ ಎಂದು ತೂಗುಹಾಕಿದರೆ? ಗುರು ಸೇರಿಸಿಕೊಳ್ಳದೆ ಅಟ್ಟಿದ, ತಾನೇ ಕಲಿತ, ಕೊನೆಗೆ ಬಲಗೈ ಹೆಬ್ಬೆರಳನ್ನೇ ಫೀಸಾಗಿ ಕಕ್ಕಿದ ಹುಡುಗನ ಹೆಸರು ಅದು. ಮಹಾಭಾರತ ಓದಿದವರೇ ಇದನ್ನು ಮರೆತು ಶಿಫಾರಸು ಮಾಡುವುದು ಸೋಜಿಗ. ‘ಹೆಸರಿನ ಸದ್ದು ಮುಖ್ಯ, ಕಥೆಯಲ್ಲ’ ಎಂದು ಒಬ್ಬರು ನನಗೆ ತಿಳಿಹೇಳಿದರು. ಕಥೆ ಬೇಡವಾದರೆ ಪುರಾಣಕ್ಕೆ ಹೋಗುವುದಾದರೂ ಯಾಕೆ?

ಯಾರೂ ಹೊಗಳದ ಹೆಸರೊಂದಿದೆ: ಬಸವನಗುಡಿ ಅಕ್ವಾಟಿಕ್ ಸೆಂಟರ್. ಊರಿನ ಒಂದು ಭಾಗ, ನೀರು, ಕೇಂದ್ರ, ಅಷ್ಟೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈಜಿದ ಗಗನ್ ಉಳ್ಳಾಲಮಠ ಬಂದದ್ದು ಇಲ್ಲಿಂದ. ನೀರಿಗೆ ಹೆದರುವ ಪುಟಾಣಿಗಳು ಮೊದಲ ಸಲ ಕೈಕಾಲು ಬಡಿಯುವುದೂ ಇಲ್ಲೇ. ಇಬ್ಬರಿಗೂ ಹೆಸರು ಸುಳ್ಳಾಗುವುದಿಲ್ಲ. ‘ಬಸವನಗುಡಿ’ ಎಂಬುದು ತಾಯಿಗೆ ಹೇಳುವುದು ಮನೆ ಹತ್ತಿರ, ನಾಲ್ಕು ಜನರ ಕಣ್ಣೆದುರು, ವಿಚಾರಿಸಿದರೆ ಗೊತ್ತಿರುವವರು ಸಿಗುತ್ತಾರೆ ಎಂದು. ‘ಸೇಫ್’ ಎಂದು ಬರೆದಿದ್ದರೆ ಇಲ್ಲದ ಅನುಮಾನ ಹುಟ್ಟುತ್ತಿತ್ತು. ಮಹತ್ವಾಕಾಂಕ್ಷೆಯ ಮಾತನ್ನು ಗೋಡೆಯ ಫಲಿತಾಂಶದ ಪಟ್ಟಿಗೆ ಬಿಟ್ಟರೆ ಸಾಕು.

ಇಂಥ ಹೆಸರಿಗೆ ಎರಡು ತೊಡಕುಗಳಿವೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬರೀ ಊರು, ಸೇವೆಗಳನ್ನು ಸೂಚಿಸುವ ಹೆಸರು ಸುಲಭಕ್ಕೆ ನೋಂದಣಿಯಾಗುವುದಿಲ್ಲ. ಬಳಕೆಯಿಂದ ಅದಕ್ಕೆ ಪ್ರತ್ಯೇಕ ಗುರುತು ಬಂದಿರಬೇಕು. ಮೈಸೂರಿನ ಆ ಅಕಾಡೆಮಿ ಬಡಾವಣೆಯ ಹೆಸರಿಟ್ಟುಕೊಂಡ ಮೇಲೆ ಪಕ್ಕದ ಬೀದಿಯವನೂ ಕುವೆಂಪುನಗರ ಶಟಲ್ ಕೇಂದ್ರ ಎಂದು ಬೋರ್ಡು ಹಾಕಿದರೆ ಮೊದಲ ವರ್ಷಗಳಲ್ಲಿ ತಡೆಯುವುದು ಕಷ್ಟ. ಹುಬ್ಬಳ್ಳಿಯಲ್ಲಿ ಶಾಖೆ ತೆರೆದರಂತೂ ಹೆಸರೇ ವಿಚಿತ್ರ. ಹತ್ತು ಊರಿಗೆ ಹಬ್ಬುವ ಆಸೆಯಿದ್ದವರು ಬೇರೆ ಹೆಸರು ಹುಡುಕಿಕೊಳ್ಳಲಿ. ನಾಲ್ಕು ಕೋರ್ಟು, ಇಬ್ಬರು ಕೋಚ್ ಇರುವವರು ಬೀದಿಯ ಹೆಸರಿಟ್ಟರೆ ಸಾಕು.