ಆ್ಯಡಮ್: ಕಲಿತದ್ದು ಸರಿ, ಪರೀಕ್ಷೆಯಲ್ಲಿ ತಪ್ಪೇಕೆ?

ನರಜಾಲಗಳಿಗೆ ಕಲಿಸುವ ಕ್ರಮಗಳಲ್ಲಿ ಆ್ಯಡಮ್ ಬಹಳ ಬಳಕೆಯಲ್ಲಿದೆ. ಕಿಂಗ್ಮಾ ಮತ್ತು ಬಾ ಇದನ್ನು 2014ರಲ್ಲಿ ಮಂಡಿಸಿದರು. ಜಾಲದ ಒಂದು ತೂಕವನ್ನು ಬದಲಿಸಿದಾಗ ದೋಷ ಎಷ್ಟು ಬದಲಾಗುತ್ತದೆ ಎಂಬುದನ್ನು ಇಳಿಜಾರು g ಎನ್ನೋಣ. ಆ್ಯಡಮ್ ಪ್ರತಿ ತೂಕಕ್ಕೂ ಎರಡು ಸರಾಸರಿಗಳನ್ನು ಇಟ್ಟುಕೊಳ್ಳುತ್ತದೆ:

m = 0.9 m + 0.1 g
v = 0.999 v + 0.001 g²

ಮೊದಲನೆಯದು ಉರುಳುವ ಗುಂಡಿನ ಸಂವೇಗದಂತೆ ಹಳೆಯ ದಿಕ್ಕನ್ನು ನೆನಪಿಡುತ್ತದೆ. ಅತ್ತಿತ್ತ ಓಲಾಡುವುದು ಇದರಿಂದ ತಗ್ಗುತ್ತದೆ. ಎರಡನೆಯದು ಇಳಿಜಾರಿನ ಗಾತ್ರವನ್ನು ಅಳೆಯುತ್ತದೆ. ಎರಡೂ ಸೊನ್ನೆಯಿಂದ ಹೊರಡುವುದರಿಂದ ಆರಂಭದಲ್ಲಿ ಅವನ್ನು ಸರಿಪಡಿಸಿಕೊಂಡು, m ಅನ್ನು √v ಇಂದ ಭಾಗಿಸಿ, ಸಾಮಾನ್ಯವಾಗಿ 0.001ರಿಂದ ಗುಣಿಸಿದರೆ ಹೆಜ್ಜೆಯ ಉದ್ದ ಸಿಗುತ್ತದೆ. ಇಳಿಜಾರು 100 ಇರಲಿ, 0.01 ಇರಲಿ, ಅದು ಸ್ಥಿರವಾಗಿದ್ದರೆ ಹೆಜ್ಜೆ ಹೆಚ್ಚುಕಡಿಮೆ ಒಂದೇ. ಕಲಿಕೆ ಬೇಗ ಸಾಗುವುದು ಇದರಿಂದಲೇ. ತೊಡಕು ಇರುವುದೂ ಇಲ್ಲಿಯೇ.

2017ರಲ್ಲಿ ವಿಲ್ಸನ್ ಮತ್ತು ಸಂಗಡಿಗರು ಕೊಟ್ಟ ಉದಾಹರಣೆಯನ್ನು ಹತ್ತು ಮಾದರಿಗಳಿಗೆ ಇಳಿಸಿ ಲೆಕ್ಕ ಹಾಕೋಣ. ಆರಕ್ಕೆ ಉತ್ತರ +1, ನಾಲ್ಕಕ್ಕೆ −1. ಮೊದಲ ಲಕ್ಷಣದ ಬೆಲೆ ಉತ್ತರವೇ ಆಗಿದೆ. ಎರಡನೆಯ ಮತ್ತು ಮೂರನೆಯ ಲಕ್ಷಣಗಳು ಎಲ್ಲ ಮಾದರಿಗಳಲ್ಲೂ 1; ಅವು ಏನನ್ನೂ ತಿಳಿಸುವುದಿಲ್ಲ. ಇವಲ್ಲದೆ ಪ್ರತಿ +1 ಮಾದರಿಗೆ ಅದಕ್ಕೇ ಮೀಸಲಾದ ಒಂದು ಲಕ್ಷಣ, ಪ್ರತಿ −1 ಮಾದರಿಗೆ ಅಂಥ ಐದು ಲಕ್ಷಣಗಳು, ಎಲ್ಲದರ ಬೆಲೆ 1.

ತೂಕಗಳನ್ನು ಸೊನ್ನೆಯಿಂದ ಆರಂಭಿಸಿ, ಹತ್ತೂ ಮಾದರಿಗಳನ್ನು ಒಟ್ಟಿಗೆ ಕೊಟ್ಟು, ವರ್ಗದೋಷವನ್ನು ತಗ್ಗಿಸುತ್ತೇವೆ. ಆ್ಯಡಮ್ ಎಲ್ಲ ತೂಕಗಳನ್ನೂ ಸಮನಾದ ಹೆಜ್ಜೆಗಳಲ್ಲಿ ಸರಿಸುತ್ತದೆ. ಕೊನೆಗೆ ಮೊದಲ ಮೂರಕ್ಕೂ 0.25, ಮೀಸಲು ಲಕ್ಷಣಗಳಿಗೆ ಆಯಾ ಉತ್ತರದ ಚಿಹ್ನೆಯೊಡನೆ 0.25. ಕಲಿತ ಮಾದರಿಗಳಲ್ಲಿ ದೋಷ ಸೊನ್ನೆ. ಆದರೆ ಹೊಸ ಮಾದರಿಯ ಮೀಸಲು ಲಕ್ಷಣಗಳನ್ನು ಅದು ಕಂಡಿರುವುದಿಲ್ಲ. ಮೊದಲ ಮೂರನ್ನೇ ನಂಬಬೇಕು. ಆಗ +1ಕ್ಕೆ 0.75 ಬರುತ್ತದೆ. −1ಕ್ಕೆ −0.25 + 0.5, ಅಂದರೆ +0.25: ಪ್ರತಿ ಸಲವೂ ತಪ್ಪು.

ಸಾದಾ ಇಳಿಜಾರು ವಿಧಾನವೂ ಕಲಿತ ಮಾದರಿಗಳಲ್ಲಿ ದೋಷವನ್ನು ಸೊನ್ನೆಗೆ ಇಳಿಸುತ್ತದೆ. ಆದರೆ ಅದು ಮೊದಲ ಲಕ್ಷಣಕ್ಕೆ 0.76, ಮುಂದಿನ ಎರಡಕ್ಕೆ ಸುಮಾರು 0.09 ತೂಕ ಕೊಡುತ್ತದೆ. ಹೊಸ ಮಾದರಿಗಳಿಗೆ 0.93 ಮತ್ತು −0.58 ಬರುತ್ತವೆ, ಎರಡೂ ಸರಿ. ಇಳಿಜಾರುಗಳ ಗಾತ್ರದಲ್ಲಿದ್ದ ವ್ಯತ್ಯಾಸವೇ ಯಾವ ಲಕ್ಷಣ ಮುಖ್ಯವೆಂಬ ಸುಳಿವಾಗಿತ್ತು. ಭಾಗಾಕಾರ ಅದನ್ನು ಅಳಿಸಿಹಾಕಿತು.

ಇಷ್ಟರಿಂದ ಆ್ಯಡಮ್ ಕೆಟ್ಟದ್ದೆಂದು ತೀರ್ಪು ಕೊಡುವುದು ಅವಸರವಾದೀತು. ಉದಾಹರಣೆ ಬೇಕೆಂದೇ ಕಟ್ಟಿದ್ದು. ಛೇದ ಸೊನ್ನೆಯಾಗದಂತೆ √v ಗೆ ಕೂಡಿಸುವ 10⁻⁸ ಎಂಬ ಸಣ್ಣ ಸಂಖ್ಯೆಯನ್ನು ಹಿಗ್ಗಿಸಿದರೆ ಆ್ಯಡಮ್ ಸಂವೇಗ ವಿಧಾನಕ್ಕೆ ಹತ್ತಿರವಾಗುತ್ತದೆ. ಅದನ್ನೂ ಹೆಜ್ಜೆಯ ಉದ್ದವನ್ನೂ ಎಚ್ಚರದಿಂದ ಆಯ್ದರೆ ಆ್ಯಡಮ್ ಹಿಂದೆ ಬೀಳುವುದಿಲ್ಲವೆಂದು 2019ರಲ್ಲಿ ಚೋಯ್ ಮತ್ತು ಸಂಗಡಿಗರು ಪ್ರಯೋಗಗಳಿಂದ ತೋರಿಸಿದರು. ಭಾಷೆಯ ದೊಡ್ಡ ಜಾಲಗಳಲ್ಲಂತೂ ಸಾದಾ ವಿಧಾನಕ್ಕಿಂತ ಆ್ಯಡಮ್ ಬಗೆಯ ವಿಧಾನಗಳೇ ಮೇಲು.

ಆಕ್ಷೇಪಿಸಬೇಕಾದದ್ದು ಕಲಿಕೆಯ ದೋಷ ಬೇಗ ಇಳಿಯಿತೆಂಬುದನ್ನೇ ಪುರಾವೆಯಾಗಿ ಒಪ್ಪುವುದನ್ನು. ನಮ್ಮ ಲೆಕ್ಕದಲ್ಲಿ ಎರಡು ವಿಧಾನಗಳಿಗೂ ಆ ದೋಷ ಸೊನ್ನೆಯೇ. ಬೇರೆಯಾಗಿ ತೆಗೆದಿಟ್ಟ ಮಾದರಿಗಳಲ್ಲಿ ಪರೀಕ್ಷಿಸಿದಾಗ ಮಾತ್ರ ಅವುಗಳ ಅಂತರ ಕಾಣಿಸಿತು.