ಯಾವ ಡಬ್ಲಿನ್‌ನ ಗಂಟೆ?

ಗೋಕಾಕ ತಾಲ್ಲೂಕಿನಲ್ಲಿ ಒಂದು ಮಮದಾಪುರವಿದೆ. ವಿಜಯಪುರ ಜಿಲ್ಲೆಯಲ್ಲಿ, ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯ ದಂಡೆಗೆ, ಇನ್ನೊಂದು ಮಮದಾಪುರವಿದೆ. ಫೋನಿಗೆ ಬಾಯಿಮಾತಿನಲ್ಲಿ ‘ಮಮದಾಪುರದಲ್ಲಿ ಈಗ ಗಂಟೆ ಎಷ್ಟು’ ಎಂದು ಕೇಳಿದರೆ, ಅದು ಎರಡರಲ್ಲಿ ಯಾವುದನ್ನು ಹಿಡಿದುಕೊಂಡರೂ ಉತ್ತರ ಸರಿಯಾಗಿಯೇ ಬರುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರ ಇರುವುದರಿಂದ ಊರು ತಪ್ಪಿದರೂ ಗಂಟೆ ತಪ್ಪುವುದಿಲ್ಲ. ಮಳೆ ಬರುತ್ತದೆಯೇ, ದಾರಿ ಎಷ್ಟು ದೂರ ಎಂದು ಕೇಳಿದಾಗ ಮಾತ್ರ ಎಡವಟ್ಟು ಹೊರಬೀಳುತ್ತದೆ. ಧ್ವನಿ ಹುಡುಕಾಟದ ಈ ದೋಷ ನಮ್ಮಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಇದೊಂದು ಕಾರಣ. ನಮ್ಮ ಹೆಸರುಗಳಿಗೆ ಅವಳಿಗಳು ಎಷ್ಟೇ ಇದ್ದರೂ ಅವೆಲ್ಲ ಒಂದೇ ಸಮಯದ ಸೂರಿನಡಿ ಇವೆ. ಮಗಳೋ ಮಗನೋ ಅಮೆರಿಕಕ್ಕೆ ಹೋಗಿ ನೆಲೆಸಿದ ಮೇಲೆ ಅದೇ ಪ್ರಶ್ನೆಯನ್ನು ‘ಡಬ್ಲಿನ್’ ಎಂಬ ಹೆಸರಿಗೆ ಕೇಳಿದಾಗ ಈ ರಕ್ಷಣೆ ಇರುವುದಿಲ್ಲ.

ಡಬ್ಲಿನ್ ಎಂದರೆ ಐರ್ಲೆಂಡಿನ ರಾಜಧಾನಿ. ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕೊಲಂಬಸ್ ನಗರಕ್ಕೆ ಅಂಟಿಕೊಂಡಂತೆ ಇನ್ನೊಂದು ಡಬ್ಲಿನ್ ಇದೆ. ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಪೂರ್ವಕ್ಕೆ ಮತ್ತೊಂದು. ಮಮದಾಪುರದ ಮನೆಯಲ್ಲಿ ಜನವರಿಯ ಒಂದು ರಾತ್ರಿ 8 ಗಂಟೆ ಎಂದಿಟ್ಟುಕೊಳ್ಳೋಣ. ಆಗ ಐರ್ಲೆಂಡಿನಲ್ಲಿ ಮಧ್ಯಾಹ್ನ 2.30, ಓಹಾಯೋದಲ್ಲಿ ಬೆಳಗಿನ 9.30, ಕ್ಯಾಲಿಫೋರ್ನಿಯದಲ್ಲಿ ಬೆಳಗಿನ 6.30. ಮೂರೂ ಹೊತ್ತಿನಲ್ಲಿ ಮನುಷ್ಯರು ಎದ್ದಿರಬಹುದು, ಹಾಗಾಗಿ ಯಾವ ಉತ್ತರ ಬಂದರೂ ಅನುಮಾನ ಬರುವುದಿಲ್ಲ. ಇನ್ನು ಬೆಳಿಗ್ಗೆ 8.30ಕ್ಕೆ ಕೇಳಿದರೆ ಐರ್ಲೆಂಡಿನಲ್ಲಿ ನಸುಕಿನ 3 ಗಂಟೆ. ಕ್ಯಾಲಿಫೋರ್ನಿಯದಲ್ಲಿ ಹಿಂದಿನ ದಿನದ ಸಂಜೆ 7 ಗಂಟೆ. ಮಗಳು ಕ್ಯಾಲಿಫೋರ್ನಿಯದಲ್ಲಿದ್ದರೆ, ಅವಳು ಊಟಕ್ಕೆ ಕೂರುವ ಹೊತ್ತಿನಲ್ಲಿ ‘ಪಾಪ, ಮಲಗಿರ್ತಾಳ’ ಎಂದು ತಾಯಿ ಫೋನು ಕೆಳಗಿಡುತ್ತಾಳೆ. ಗಂಟೆಯ ಜೊತೆಗೆ ತಾರೀಖೂ ತಪ್ಪಿರುತ್ತದೆ, ಆದರೆ ತಾರೀಖನ್ನು ಯಾರೂ ಕೇಳಿರುವುದಿಲ್ಲ.

ತಪ್ಪು ಎಲ್ಲಿ ಆಗುತ್ತದೆ ಎಂಬುದರ ಬಗ್ಗೆ ಜನರಲ್ಲಿರುವ ಊಹೆ ಸರಿಯಲ್ಲ. ನಮ್ಮ ಉಚ್ಚಾರ ಯಂತ್ರಕ್ಕೆ ತಿಳಿಯಲಿಲ್ಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅದರ ಗಡಿಯಾರವೇ ಕೆಟ್ಟಿದೆ ಎಂದು ಇನ್ನು ಕೆಲವರು. ನಿಜವಾಗಿ ನಡೆಯುವ ಕೆಲಸ ಮೂರು ಹಂತದ್ದು. ಮೊದಲು ದನಿ ಅಕ್ಷರವಾಗುತ್ತದೆ. ಆಮೇಲೆ ಆ ಅಕ್ಷರಕ್ಕೆ ಭೂಮಿಯ ಮೇಲಿನ ಒಂದು ಜಾಗವನ್ನು ಗೊತ್ತುಮಾಡಲಾಗುತ್ತದೆ. ಕೊನೆಗೆ ಆ ಜಾಗ ಯಾವ ಕಾಲವಲಯದಲ್ಲಿದೆ ಎಂದು ನೋಡಿ ಗಂಟೆ ಹೇಳಲಾಗುತ್ತದೆ. ಕಂಪ್ಯೂಟರುಗಳು ಬಳಸುವ ಕಾಲವಲಯಗಳ ಪಟ್ಟಿಯಲ್ಲಿ ಐರ್ಲೆಂಡಿನ ಡಬ್ಲಿನ್ `Europe/Dublin`, ಓಹಾಯೋದ್ದು `America/New_York`, ಕ್ಯಾಲಿಫೋರ್ನಿಯದ್ದು `America/Los_Angeles`. ಈ ಪಟ್ಟಿ ಬಹಳ ಶ್ರದ್ಧೆಯಿಂದ ನಿರ್ವಹಿಸಲ್ಪಡುವಂಥದ್ದು. ಅಲ್ಲಿ ಎಡವುವುದು ಅಪರೂಪ. ‘ಡಬ್ಲಿನ್’ ಎಂಬ ಮಾತನ್ನು ಯಂತ್ರ ಸರಿಯಾಗಿಯೇ ಕೇಳಿಸಿಕೊಂಡಿರುತ್ತದೆ, ಲೆಕ್ಕವನ್ನೂ ಸರಿಯಾಗಿಯೇ ಮಾಡಿರುತ್ತದೆ. ಜಾರುವುದು ನಡುವಿನ ಹಂತದಲ್ಲಿ, ಮೂರು ಊರುಗಳಲ್ಲಿ ಒಂದನ್ನು ಸದ್ದಿಲ್ಲದೆ ಆರಿಸಿಕೊಳ್ಳುವಾಗ.

ಆ ಆಯ್ಕೆಗೆ ಸಾಮಾನ್ಯವಾಗಿ ಆಧಾರವಾಗುವುದು ಊರಿನ ಜನಸಂಖ್ಯೆ, ಹೆಸರಿನ ಪ್ರಸಿದ್ಧಿ, ಕೇಳುವವರು ಇರುವ ಜಾಗ. ಕೊಲಂಬಸ್‌ನಲ್ಲಿ ಕೂತು ಕೇಳಿದವನಿಗೆ ಪಕ್ಕದ ಡಬ್ಲಿನ್ ಸಿಗುವ ಸಾಧ್ಯತೆ ಹೆಚ್ಚು. ಗೋಕಾಕದಿಂದ ಕೇಳಿದವರಿಗೆ ಮೂರೂ ಡಬ್ಲಿನ್ ಸಾವಿರಾರು ಮೈಲಿ ದೂರ, ಹತ್ತಿರದ್ದು ಎಂಬ ಸುಳಿವಿಗೆ ಅಲ್ಲಿ ಬೆಲೆಯಿಲ್ಲ, ಪ್ರಸಿದ್ಧವಾದದ್ದೇ ಗೆಲ್ಲುತ್ತದೆ. ಪರಿಣಾಮ ಏನೆಂದರೆ, ಒಂದೇ ಪ್ರಶ್ನೆಗೆ ತಾಯಿಗೊಂದು ಉತ್ತರ, ಮಗನಿಗೊಂದು ಉತ್ತರ. ‘ಫೋನು ತಪ್ಪು ಹೇಳ್ತದ’ ಎಂದು ತಾಯಿ ದೂರಿದಾಗ ಮಗ ತನ್ನ ಫೋನಿನಲ್ಲಿ ಕೇಳಿ ನೋಡುತ್ತಾನೆ, ಸರಿ ಬರುತ್ತದೆ. ದೂರು ಅಲ್ಲಿಗೇ ಮುಗಿಯುತ್ತದೆ. ಪರೀಕ್ಷಿಸಲು ಹೋದವನ ಮುಂದೆಯೇ ಮರೆಯಾಗುವ ಈ ಗುಣ ನನಗೆ ತಪ್ಪಿಗಿಂತಲೂ ಹೆಚ್ಚು ತೊಂದರೆಯದಾಗಿ ಕಾಣುತ್ತದೆ.

ಪೂರ್ತಿ ವಿಳಾಸ ಹೇಳದವರದೇ ತಪ್ಪು ಎಂಬ ಆಕ್ಷೇಪ ಇದಕ್ಕೆ ಸಿದ್ಧವಾಗಿರುತ್ತದೆ. ‘ಓಹಾಯೋದ ಡಬ್ಲಿನ್’ ಎಂದರೆ ಮುಗಿಯಿತಲ್ಲ? ಮುಗಿಯುತ್ತದೆ, ನಿಜ, ಇವತ್ತಿನ ಮಟ್ಟಿಗೆ ಅದೇ ಒಳ್ಳೆಯ ಉಪಾಯ ಕೂಡ. ಆದರೆ ಇನ್ನೊಂದು ಡಬ್ಲಿನ್ ಇದೆ ಎಂದು ಗೊತ್ತಿದ್ದವರು ಮಾತ್ರ ರಾಜ್ಯದ ಹೆಸರು ಸೇರಿಸುತ್ತಾರೆ. ಗೊತ್ತಿಲ್ಲದವರಿಗೆ ಅದನ್ನು ತಿಳಿಸಬಲ್ಲದ್ದು ಊರುಗಳ ಪಟ್ಟಿಯನ್ನು ಇಟ್ಟುಕೊಂಡ ಯಂತ್ರವೇ. ಕನಿಷ್ಠ ಪಕ್ಷ ‘ಐರ್ಲೆಂಡಿನ ಡಬ್ಲಿನ್‌ನಲ್ಲಿ ಈಗ ಮಧ್ಯಾಹ್ನ ಎರಡೂವರೆ’ ಎಂದು ದೇಶ ಸಮೇತ ನುಡಿದರೆ ಕೇಳಿದವರ ಕಿವಿ ನಿಮಿರುತ್ತದೆ. ಪರದೆಯ ಮೇಲೆ ಊರಿನ ವಿವರ ತೋರಿಸಿದರೆ ಸಾಕು ಎಂಬ ವಾದವೂ ಪೂರ್ತಿ ಒಪ್ಪುವಂಥದ್ದಲ್ಲ. ಓದಲಾಗದವರು, ಕೈಯಲ್ಲಿ ಕೆಲಸ ಇರುವವರು ತಾನೇ ಬಾಯಲ್ಲಿ ಕೇಳುವುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹೆಸರು ಹಂಚಿಕೊಂಡ ಊರು ಬಂದಾಗಲೆಲ್ಲ ‘ಯಾವುದು?’ ಎಂದು ಮರುಪ್ರಶ್ನೆ ಹಾಕುತ್ತ ಹೋದರೆ ಆ ಸೇವೆಯನ್ನು ಯಾರೂ ಬಳಸುವುದಿಲ್ಲ. ಲೋಕದಲ್ಲಿ ಅವಳಿಯಿಲ್ಲದ ಹೆಸರು ಕಡಿಮೆ. ಈ ಮಾತಿನಲ್ಲಿ ಹುರುಳಿದೆ, ಅದಕ್ಕೆ ಉತ್ತರ ಮಮದಾಪುರದಲ್ಲೇ ಇದೆ. ಊರು ಎರಡಿದ್ದರೆ ಕೇಳು ಎಂಬುದಕ್ಕಿಂತ, ಉತ್ತರ ಎರಡಿದ್ದರೆ ಕೇಳು ಎಂಬುದು ನಿಯಮವಾಗಬೇಕು. ಎರಡು ಮಮದಾಪುರಕ್ಕೂ ಗಂಟೆ ಒಂದೇ, ಆದ್ದರಿಂದ ಸಮಯ ಕೇಳಿದವರನ್ನು ತಡೆಯುವುದು ಬೇಡ. ಮಳೆ ಕೇಳಿದರೆ ತಡೆಯಬೇಕು. ಮೂರು ಡಬ್ಲಿನ್‌ಗಳ ಗಂಟೆ ಬೇರೆಬೇರೆ, ಅಲ್ಲಿ ಕೇಳಲೇಬೇಕು. ಯಂತ್ರಕ್ಕೆ ಇದು ಭಾರವೂ ಅಲ್ಲ: ಹೆಸರಿಗೆ ಹೊಂದುವ ಮುಖ್ಯ ಊರುಗಳ ಗಂಟೆಯನ್ನೆಲ್ಲ ಲೆಕ್ಕಹಾಕಿ, ಹೋಲಿಸಿ, ಆಮೇಲೆ ಬಾಯಿ ತೆರೆದರಾಯಿತು.

ಹೋಲಿಕೆಯನ್ನು ಕೇಳಿದ ದಿನಕ್ಕೇ ಮಾಡಬೇಕು ಎಂಬುದೊಂದು ಸೂಕ್ಷ್ಮ. ಕ್ಯಾಲಿಫೋರ್ನಿಯದಲ್ಲೂ ಅರಿಜೋನದಲ್ಲೂ ಗ್ಲೆಂಡೇಲ್ ಎಂಬ ದೊಡ್ಡ ಊರುಗಳಿವೆ. ಅರಿಜೋನದವರು ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವುದಿಲ್ಲ, ಕ್ಯಾಲಿಫೋರ್ನಿಯದವರು ತಿರುಗಿಸುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಎರಡೂ ಗ್ಲೆಂಡೇಲ್‌ಗಳಿಗೆ ಒಂದೇ ಸಮಯ, ಚಳಿಗಾಲದಲ್ಲಿ ಒಂದು ಗಂಟೆಯ ಅಂತರ. ಜುಲೈನಲ್ಲಿ ಪರೀಕ್ಷಿಸಿ ತೃಪ್ತರಾದವರಿಗೆ ಡಿಸೆಂಬರಿನಲ್ಲಿ ಏಕೆ ಕೆಟ್ಟಿತು ಎಂದು ತಿಳಿಯುವುದು ಕಷ್ಟ.

ಅಂತರ ಚಿಕ್ಕದಾದಷ್ಟೂ ತಪ್ಪು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎನ್ನುವುದಕ್ಕೆ ನಮ್ಮ ನೆರೆಯ ಹೈದರಾಬಾದನ್ನೇ ತೆಗೆದುಕೊಳ್ಳಬಹುದು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲೂ ಒಂದು ಹೈದರಾಬಾದ್ ಇದೆ, ಅದರ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಭಾರತದಲ್ಲಿ ಕೂತು ಕೇಳಿದವರಿಗೆ ಅದು ಬರುವ ಸಂಭವ ಕಡಿಮೆ. ಗಲ್ಫ್ ದೇಶಗಳಲ್ಲಿ ದುಡಿಯುವವರು ಕೇಳಿದಾಗ ಅಷ್ಟು ಖಾತ್ರಿಯಿಂದ ಹೇಳಲಾಗದು, ಏಕೆಂದರೆ ಅಲ್ಲಿ ಎರಡೂ ಹೈದರಾಬಾದಿನವರಿದ್ದಾರೆ. ಪರೀಕ್ಷೆಗೆ ಅವರಿಗೊಂದು ಸುಲಭದ ದಾರಿ ಉಂಟು: ದುಬೈ ಸಮಯಕ್ಕೂ ಪಾಕಿಸ್ತಾನದ ಸಮಯಕ್ಕೂ ಸರಿಯಾಗಿ ಒಂದು ಗಂಟೆಯ ಅಂತರ, ಭಾರತಕ್ಕೆ ಒಂದೂವರೆ ಗಂಟೆ. ಉತ್ತರದ ನಿಮಿಷ ತಮ್ಮ ಕೈಗಡಿಯಾರದ ನಿಮಿಷಕ್ಕೆ ಹೊಂದಿಕೊಂಡರೆ ಅದು ಸಿಂಧ್‌ನ ಹೈದರಾಬಾದು. ಮಮದಾಪುರದಿಂದ ಡಬ್ಲಿನ್‌ಗಳನ್ನು ಕೇಳುವವರಿಗೆ ಈ ಉಪಾಯ ಸಿಗದು. ಮೂರಕ್ಕೂ ನಮಗೂ ನಡುವಿನ ಅಂತರ ಅರ್ಧ ಗಂಟೆಗೇ ಮುಗಿಯುವುದರಿಂದ ನಿಮಿಷದ ಮುಳ್ಳು ಏನನ್ನೂ ಬಿಟ್ಟುಕೊಡುವುದಿಲ್ಲ. ಅವರು ಗಂಟೆಯ ಅಂತರವನ್ನೇ ನೆನಪಿಡಬೇಕು: ಚಳಿಗಾಲದಲ್ಲಿ ಐರ್ಲೆಂಡಿಗೆ ಐದೂವರೆ, ಓಹಾಯೋಗೆ ಹತ್ತೂವರೆ, ಕ್ಯಾಲಿಫೋರ್ನಿಯಕ್ಕೆ ಹದಿಮೂರೂವರೆ, ಬೇಸಿಗೆಯಲ್ಲಿ ಪ್ರತಿಯೊಂದಕ್ಕೂ ಒಂದೊಂದು ಗಂಟೆ ಕಡಿಮೆ.